ದಿನಕ್ಕೊಂದಲ್ಲ, ವಾರಕ್ಕೊಂದು



ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಖಾಲಾ ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಎರಡು ವರ್ಷಗಳ ಹಿಂದೆ ಅವರಿಗೆ ಮಂಡಿನೋವು, ಸೊಂಟನೋವು ಹೆಚ್ಚಾಯಿತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, "ವಿಟಮಿನ್ ಡಿ ತುಂಬಾ ಕಡಿಮೆ ಇದೆ" ಎಂದರು. ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಜೊತೆಗೆ ಹಾಲಿನಲ್ಲಿ ಕಲಸಿ ಕುಡಿಯುವ ಪುಡಿಯ ಪೊಟ್ಟಣವನ್ನು ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದರು. ಪೊಟ್ಟಣದ ಮೇಲೆ 60,000 ಐ.ಯು. ಎಂದು ಅಚ್ಚಾಗಿತ್ತು.

ಮನೆಯಲ್ಲಿ ಮಾತ್ರೆಗಳೆಲ್ಲ ದಿನಾ ತೆಗೆದುಕೊಳ್ಳುವಂಥವೇ ಇದ್ದವು. ಪುಡಿಯೂ ಹಾಗೆಯೇ ಇರಬೇಕೆಂದುಕೊಂಡು ಸೊಸೆ ಪ್ರತಿ ರಾತ್ರಿ ಒಂದು ಪೊಟ್ಟಣವನ್ನು ಬಿಸಿ ಹಾಲಿಗೆ ಹಾಕಿ ಕೊಟ್ಟಳು. ಮುಗಿದಾಗ ಮಗ ಅಂಗಡಿಯಿಂದ ಮತ್ತೆ ತಂದ. ಯಾರೂ ಚೀಟಿ ಕೇಳಲಿಲ್ಲ. ಇದು ಹೀಗೆ 35 ದಿನ ನಡೆಯಿತು.

ಮೂರನೇ ವಾರದಿಂದ ಖಾಲಾರಿಗೆ ಊಟ ಸೇರಲಿಲ್ಲ. ಮಲಬದ್ಧತೆ ಶುರುವಾಯಿತು. ಆಮೇಲೆ ವಿಪರೀತ ಬಾಯಾರಿಕೆ, ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುವುದು. ಸಕ್ಕರೆ ಕಾಯಿಲೆ ಬಂತೇನೋ ಎಂದು ಪರೀಕ್ಷಿಸಿದರೆ ಸಕ್ಕರೆ ಸರಿಯಾಗಿಯೇ ಇತ್ತು. ಐದನೇ ವಾರಕ್ಕೆ ವಾಂತಿ ಆರಂಭವಾಯಿತು. ನಮಾಝಿನಲ್ಲಿ ಎಷ್ಟು ರಕಅತ್ ಆಯಿತೆಂಬುದೇ ಅವರಿಗೆ ಮರೆತುಹೋಗುತ್ತಿತ್ತು. "ವಯಸ್ಸಾಯ್ತಲ್ಲ" ಎಂದು ಮನೆಯವರು ಸುಮ್ಮನಿದ್ದರು. ಕೊನೆಗೆ ಎದ್ದು ನಿಲ್ಲಲಾಗದಾಗ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ವೈದ್ಯರು, "ಮನೆಯಲ್ಲಿರುವ ಔಷಧಗಳನ್ನೆಲ್ಲ, ಖಾಲಿ ಪೊಟ್ಟಣ ಸಹಿತ, ಒಂದು ಚೀಲದಲ್ಲಿ ತುಂಬಿಸಿ ತನ್ನಿ" ಎಂದರು. ಚೀಲ ಬಿಚ್ಚಿದಾಗಲೇ ಕಾರಣ ತಿಳಿಯಿತು.

ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಒಂದು ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಇರುತ್ತದೆ. ಖಾಲಾರಿಗೆ ಅದು 13.4 ಆಗಿತ್ತು. ವಿಟಮಿನ್ ಡಿ ಒಂದು ಮಿಲಿಲೀಟರಿಗೆ 150 ನ್ಯಾನೋಗ್ರಾಂ ದಾಟಿದರೆ ವಿಷಬಾಧೆಯ ಸಂಶಯ ಪಡುತ್ತಾರೆ. ಇವರಿಗೆ 200ಕ್ಕೂ ಮೇಲಿತ್ತು. ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿತ್ತು.

"ವಿಟಮಿನ್ ತಾನೇ, ಹೆಚ್ಚಾದರೆ ಏನಾಗುತ್ತದೆ? ಬೇಡದ್ದು ಮೂತ್ರದಲ್ಲಿ ಹೋಗುತ್ತದೆ" ಎಂದು ನಾವು ಹೇಳುವುದುಂಟು. ಈ ಮಾತು ಬಿ ಗುಂಪಿನ ಹೆಚ್ಚಿನ ವಿಟಮಿನ್‌ಗಳಿಗೆ ಮತ್ತು ಸಿ ವಿಟಮಿನ್‌ಗೆ ಬಹುಮಟ್ಟಿಗೆ ಒಪ್ಪುತ್ತದೆ. ಅವು ನೀರಿನಲ್ಲಿ ಕರಗುವಂಥವು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದು ಅದಕ್ಕೇ. ಆದರೆ ಎ, ಡಿ, ಇ ಮತ್ತು ಕೆ ಕೊಬ್ಬಿನಲ್ಲಿ ಕರಗುತ್ತವೆ. ಇವು ಊಟದ ಎಣ್ಣೆ ತುಪ್ಪದೊಂದಿಗೆ ಕರುಳಿನಿಂದ ದೇಹಕ್ಕೆ ಸೇರುತ್ತವೆ, ಎ ಮುಖ್ಯವಾಗಿ ಯಕೃತ್ತಿನಲ್ಲಿಯೂ, ಡಿ ಮತ್ತು ಇ ಹೆಚ್ಚಾಗಿ ಮೈಯ ಕೊಬ್ಬಿನಲ್ಲಿಯೂ ಉಳಿಯುತ್ತವೆ. ಮೂತ್ರದಲ್ಲಿ ಸುಲಭವಾಗಿ ಹೊರಹೋಗುವ ದಾರಿ ಇವಕ್ಕಿಲ್ಲ.

ಖಾಲಾರ ಲೆಕ್ಕವನ್ನೇ ನೋಡೋಣ. ವೈದ್ಯರು ಹೇಳಿದಂತೆ ಮಾಡಿದ್ದರೆ ಐದು ವಾರಕ್ಕೆ ಐದು ಪೊಟ್ಟಣ, ಅಂದರೆ 3 ಲಕ್ಷ ಯೂನಿಟ್ ಆಗುತ್ತಿತ್ತು. ಅವರು ಕುಡಿದದ್ದು 35 ಪೊಟ್ಟಣ, 21 ಲಕ್ಷ ಯೂನಿಟ್. ವಯಸ್ಕರಿಗೆ ದಿನಕ್ಕೆ 600 ಯೂನಿಟ್ ವಿಟಮಿನ್ ಡಿ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಆ ಲೆಕ್ಕದಲ್ಲಿ ಒಂಬತ್ತೂವರೆ ವರ್ಷಕ್ಕೆ ಬೇಕಾದದ್ದು ಒಂದು ತಿಂಗಳ ಮೇಲೆ ಐದು ದಿನದಲ್ಲಿ ಅವರ ಹೊಟ್ಟೆ ಸೇರಿತ್ತು.

ಹೊಟ್ಟೆ ಸೇರಿದ ಮೇಲೆ ಆಗುವುದೇನು? ನುಂಗಿದ ವಿಟಮಿನ್ ಡಿಯನ್ನು ಯಕೃತ್ತು ಇನ್ನೊಂದು ರೂಪಕ್ಕೆ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ಮುಂದೆ ಮೂತ್ರಪಿಂಡವು ಇದರಲ್ಲಿ ಬೇಕಾದಷ್ಟನ್ನು ಮಾತ್ರ ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ. ಮೂತ್ರಪಿಂಡಕ್ಕೆ ಕಡಿವಾಣವಿದೆ, ಯಕೃತ್ತಿಗೆ ಅಂಥ ಬಿಗಿಯಾದ ಕಡಿವಾಣವಿಲ್ಲ. ಎಷ್ಟು ಬಂದರೂ ಅದು ಮಾರ್ಪಡಿಸುತ್ತಲೇ ಇರುತ್ತದೆ. ಹೀಗೆ ರಕ್ತದಲ್ಲಿ ರಾಶಿ ಬಿದ್ದ ವಿಟಮಿನ್, ಮಿತಿ ಮೀರಿದಾಗ ತಾನೇ ಕೆಲಸ ಆರಂಭಿಸುತ್ತದೆ. ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಅತಿಯಾಗಿ ಹೀರುತ್ತದೆ, ಎಲುಬಿನಿಂದಲೂ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರುತ್ತದೆ. ಎಲುಬು ಗಟ್ಟಿಯಾಗಲೆಂದು ಕೊಟ್ಟ ಔಷಧ ಎಲುಬನ್ನೇ ಸವೆಸುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ ಬರುತ್ತದೆ. ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಪದೇ ಪದೇ ಮೂತ್ರವಾಗುತ್ತದೆ, ಅದರಿಂದ ಬಾಯಾರಿಕೆ. ಬುದ್ಧಿಗೆ ಮಂಕು ಕವಿಯುತ್ತದೆ. ಖಾಲಾ ಕಂಡ ತೊಂದರೆಗಳೆಲ್ಲ ಈ ಒಂದೇ ಬೇರಿನವು.

ಆಸ್ಪತ್ರೆಯಲ್ಲಿ ಪುಡಿಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ನಿಲ್ಲಿಸಿದರು. ಸಲೈನ್ ಏರಿಸಿದರು, ಕ್ಯಾಲ್ಸಿಯಂ ಇಳಿಸುವ ಔಷಧ ಕೊಟ್ಟರು, ಹಾಲು ಮೊಸರನ್ನೂ ಕೆಲವು ದಿನ ಕಡಿಮೆ ಮಾಡಿಸಿದರು. ಹತ್ತು ದಿನದಲ್ಲಿ ಕ್ಯಾಲ್ಸಿಯಂ ಹತೋಟಿಗೆ ಬಂತು. ಆದರೆ ಎರಡು ತಿಂಗಳ ನಂತರ ಪರೀಕ್ಷಿಸಿದಾಗಲೂ ವಿಟಮಿನ್ ಡಿ ನೂರರ ಮೇಲೆಯೇ ಇತ್ತು. ರಕ್ತದಲ್ಲಿರುವ ಡಿ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಕೊಬ್ಬಿನಲ್ಲಿ ಕೂಡಿಟ್ಟದ್ದು ಮೆಲ್ಲಮೆಲ್ಲನೆ ಹೊರಬಂದು ಆ ಜಾಗ ತುಂಬುತ್ತಿರುತ್ತದೆ. ಆದ್ದರಿಂದ ಔಷಧ ನಿಲ್ಲಿಸಿದ ದಿನವೇ ತೊಂದರೆ ನಿಲ್ಲುವುದಿಲ್ಲ. ಖಾಲಾರ ರಕ್ತವನ್ನು ತಿಂಗಳುಗಟ್ಟಲೆ ಪರೀಕ್ಷಿಸುತ್ತಲೇ ಇರಬೇಕಾಯಿತು.

ಈಗ ಮೇಲ್ಮಿತಿ ಎಂಬ ಮಾತಿಗೆ ಬರೋಣ. ವಯಸ್ಕರಿಗೆ ವಿಟಮಿನ್ ಡಿಯ ಮೇಲ್ಮಿತಿ ದಿನಕ್ಕೆ 4,000 ಯೂನಿಟ್. ಇದರ ಅರ್ಥ 4,000 ತೆಗೆದುಕೊಳ್ಳಬೇಕು ಎಂದಲ್ಲ, ಬೇಕಾದದ್ದು 600 ಮಾತ್ರ. 4,001 ಆದೊಡನೆ ವಿಷವಾಗುತ್ತದೆ ಎಂದೂ ಅಲ್ಲ. ಆರೋಗ್ಯವಂತನೊಬ್ಬ, ವೈದ್ಯರ ನಿಗಾ ಇಲ್ಲದೆ, ದಿನವೂ ವರ್ಷಗಟ್ಟಲೆ ತೆಗೆದುಕೊಂಡರೂ ಹೆಚ್ಚುಕಡಿಮೆ ಯಾರಿಗೂ ಹಾನಿಯಾಗದು ಎನ್ನಬಹುದಾದ ಅತಿ ಹೆಚ್ಚಿನ ಪ್ರಮಾಣ ಅದು. ಹಾನಿ ಕಂಡುಬಂದ ಪ್ರಮಾಣವನ್ನು ಹಿಡಿದು, ಅದಕ್ಕಿಂತ ಸಾಕಷ್ಟು ಕೆಳಗೆ ಈ ಗೆರೆಯನ್ನು ಎಳೆದಿರುತ್ತಾರೆ. ಮೇಲ್ಮಿತಿ ಒಂದು ಮಾತ್ರೆಗೆ ಸೀಮಿತವೂ ಅಲ್ಲ. ಆಹಾರ, ಮಾತ್ರೆ, ಟಾನಿಕ್, ಪುಡಿ ಎಲ್ಲವನ್ನೂ ಕೂಡಿಸಿದ ಮೊತ್ತಕ್ಕೆ ಅದು ಅನ್ವಯಿಸುತ್ತದೆ.

ಇಲ್ಲಿ ನಿಮಗೊಂದು ಸಂಶಯ ಬರಬಹುದು. ವಾರಕ್ಕೆ 60,000 ಎಂದರೆ ದಿನಕ್ಕೆ ಸುಮಾರು 8,570 ಆಯಿತಲ್ಲ, ವೈದ್ಯರೇ ಮೇಲ್ಮಿತಿ ದಾಟಿದರಲ್ಲ? ಹೌದು, ದಾಟಿದರು. ಆದರೆ ಅದು ಚಿಕಿತ್ಸೆ. ಕಣಜ ಬರಿದಾದವರಿಗೆ ಬೇಗ ತುಂಬಿಸಲು, ಎಂಟು ವಾರ ಎಂಬ ಗಡುವಿಟ್ಟು, ಆಮೇಲೆ ಪರೀಕ್ಷಿಸಿ ಕಡಿಮೆ ಮಾಡುವ ಲೆಕ್ಕದಲ್ಲಿ ಕೊಡುವುದು. ವಾರಕ್ಕೊಮ್ಮೆ ಕೊಟ್ಟರೆ ಸಾಕಾಗುವುದು ದೇಹ ಅದನ್ನು ಕೂಡಿಟ್ಟುಕೊಳ್ಳುತ್ತದೆ ಎಂಬ ಕಾರಣಕ್ಕೇ. ದಿನಾ ಕೊಟ್ಟಾಗ ಮುಳುವಾದದ್ದೂ ಅದೇ ಗುಣ. ಹಾಗಾಗಿ ಎಂಟು ವಾರ ಮುಗಿದ ಮೇಲೆ "ನೋವು ಕಡಿಮೆಯಾಗಿದೆ, ಇನ್ನೆರಡು ಡಬ್ಬಿ ತರೋಣ" ಎಂದು ನಾವೇ ಮುಂದುವರಿಸಬಾರದು.

ನಮ್ಮ ಹೆಣ್ಣುಮಕ್ಕಳಲ್ಲಿ ವಿಟಮಿನ್ ಡಿ ಕೊರತೆ ಇರುವುದು ನಿಜ. ಮನೆಯೊಳಗೇ ಇರುವವರಿಗೆ, ಹೊರಗೆ ಹೋದಾಗ ಮೈತುಂಬ ಬಟ್ಟೆ ಹಾಕುವವರಿಗೆ ಬಿಸಿಲು ಚರ್ಮಕ್ಕೆ ತಾಗುವುದು ಕಡಿಮೆ. ಅಂಗಳದಲ್ಲಿಯೋ ತಾರಸಿಯಲ್ಲಿಯೋ ಮರೆ ಇರುವಲ್ಲಿ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಿಸಿಕೊಂಡರೆ ಒಳ್ಳೆಯದು. ಬಿಸಿಲಿನಿಂದ ವಿಟಮಿನ್ ಡಿ ಮಿತಿ ಮೀರುವುದಿಲ್ಲ. ಚರ್ಮದಲ್ಲಿ ಸಾಕಷ್ಟು ತಯಾರಾದ ಮೇಲೆ ಅದೇ ಬಿಸಿಲು ಹೆಚ್ಚಿನದನ್ನು ಉಪಯೋಗಕ್ಕೆ ಬಾರದ ವಸ್ತುಗಳಾಗಿ ಬದಲಾಯಿಸಿಬಿಡುತ್ತದೆ. ಈ ತಡೆ ಪೊಟ್ಟಣಕ್ಕಿಲ್ಲ.

ಹಸುಳೆಗಳ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ಒಂದು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಬರೆಯುತ್ತಾರೆ. ಕೆಲವು ಬಾಟಲಿಗಳಲ್ಲಿ ಒಂದು ಮಿಲಿಲೀಟರಿಗೆ 400 ಯೂನಿಟ್ ಇದ್ದರೆ ಕೆಲವದರಲ್ಲಿ 800 ಇರುತ್ತದೆ. ಅಲ್ಲದೆ 5 ಮಿಲಿಲೀಟರಿನಲ್ಲಿ 60,000 ಯೂನಿಟ್ ಇರುವ ಪುಟ್ಟ ಬಾಟಲಿಯೂ ಸಿಗುತ್ತದೆ. ಅದರ ಒಂದು ಮಿಲಿಲೀಟರಿನಲ್ಲಿ 12,000 ಯೂನಿಟ್, ಅಂದರೆ ಮಗುವಿನ ಮೂವತ್ತು ದಿನದ ಪಾಲು ಇದೆ. ದೊಡ್ಡವರಿಗೆ ತಂದ ಬಾಟಲಿಯನ್ನು ಮಗುವಿನ ಡ್ರಾಪ್ಸ್ ಜೊತೆ ಒಂದೇ ಕಪಾಟಿನಲ್ಲಿ ಇಡಬೇಡಿ. ಅಂಗಡಿಯವರು ಬೇರೆ ಕಂಪೆನಿಯ ಡ್ರಾಪ್ಸ್ ಕೊಟ್ಟರೆ, ಒಂದು ಮಿಲಿಲೀಟರಿಗೆ ಎಷ್ಟು ಎಂದು ಅಲ್ಲೇ ಓದಿಸಿಕೊಳ್ಳಿ.

ವಿಟಮಿನ್ ಎ ಕೂಡಿಕೊಳ್ಳುವ ರೀತಿಯನ್ನು ನಮ್ಮ ಮನೆಯ ಮಕ್ಕಳಲ್ಲೇ ನಾವು ಕಂಡಿದ್ದೇವೆ. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಒಂಬತ್ತು ತಿಂಗಳ ಮಗುವಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ ಎ ದ್ರವ ಕುಡಿಸುತ್ತಾರೆ. ಇರುಳುಗುರುಡು ಬಾರದಿರಲೆಂದು ಇದನ್ನು ಕೊಡುತ್ತಾರೆ. ಒಂದೇ ಸಲ 2 ಲಕ್ಷ ಎಂದರೆ ಗಾಬರಿಯಾಗುತ್ತದೆ. ಆದರೆ ಯಕೃತ್ತು ಅದನ್ನು ಹಿಡಿದಿಟ್ಟು ದಿನಕ್ಕಿಷ್ಟರಂತೆ ಬಿಡುತ್ತದೆ. 180 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,100 ಯೂನಿಟ್ ಆಗುತ್ತದೆ. ಒಂದರಿಂದ ಮೂರು ವರ್ಷದ ಮಗುವಿನ ಮೇಲ್ಮಿತಿ ದಿನಕ್ಕೆ 2,000 ಯೂನಿಟ್, ಅದರೊಳಗೇ ಇದೆ. ಆದ್ದರಿಂದ ಈ ಡೋಸ್ ತಪ್ಪಿಸಬೇಡಿ, ಆದರೆ ತಾಯಿ ಕಾರ್ಡಿನಲ್ಲಿ ದಿನಾಂಕ ಬರೆಸಿಕೊಳ್ಳಿ. ತವರಿಗೆ ಹೋದಾಗ ಅಲ್ಲಿಯೂ ಒಮ್ಮೆ ಕುಡಿಸಿಕೊಂಡು ಬರುವುದು ಬೇಡ. ಜೊತೆಗೆ ದಿನಾ ಮೀನೆಣ್ಣೆಯ ಟಾನಿಕ್ ಕೊಡುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ.

ವಯಸ್ಕರಿಗೆ ವಿಟಮಿನ್ ಎಯ ಮೇಲ್ಮಿತಿ ದಿನಕ್ಕೆ 3,000 ಮೈಕ್ರೋಗ್ರಾಂ. ಇದು ಪ್ರಾಣಿಜನ್ಯ ಆಹಾರದಲ್ಲಿಯೂ ಮಾತ್ರೆಯಲ್ಲಿಯೂ ಸಿದ್ಧರೂಪದಲ್ಲಿರುವ ಎಗೆ ಮಾತ್ರ ಅನ್ವಯಿಸುವ ಲೆಕ್ಕ. ಗಜ್ಜರಿ, ಕುಂಬಳ, ನುಗ್ಗೆಸೊಪ್ಪಿನಲ್ಲಿರುವುದು ಎ ಆಗಿ ಬದಲಾಗಬಲ್ಲ ಬಣ್ಣದ ವಸ್ತು. ದೇಹ ಅದನ್ನು ಬೇಕಾದಷ್ಟೇ ಬದಲಾಯಿಸಿಕೊಳ್ಳುತ್ತದೆ. ಗಜ್ಜರಿ ಅತಿಯಾಗಿ ತಿಂದರೆ ಅಂಗೈ ಹಳದಿಯಾದೀತು, ಬಿಟ್ಟರೆ ಸರಿಹೋಗುತ್ತದೆ.

ಆದರೆ ಕಲೇಜಿಯ ಮಾತು ಬೇರೆ. ಪ್ರಾಣಿಯೂ ನಮ್ಮಂತೆಯೇ ತನ್ನ ವಿಟಮಿನ್ ಎಯನ್ನು ಯಕೃತ್ತಿನಲ್ಲಿ ಕೂಡಿಡುತ್ತದೆ. 100 ಗ್ರಾಂ ಕುರಿಯ ಕಲೇಜಿಯಲ್ಲಿ ಸುಮಾರು 7,000 ಮೈಕ್ರೋಗ್ರಾಂ ಇರುತ್ತದೆ, ಮೇಲ್ಮಿತಿಯ ಎರಡು ಪಟ್ಟಿಗೂ ಹೆಚ್ಚು. ಬಕ್ರೀದಿನಲ್ಲಿ ಒಂದೆರಡು ದಿನ ತಿಂದ ಆರೋಗ್ಯವಂತರು ಚಿಂತಿಸಬೇಕಾಗಿಲ್ಲ. ಮೇಲ್ಮಿತಿ ದಿನದಿನದ ರೂಢಿಯನ್ನು ಕುರಿತದ್ದು. ನಾನು ಹೇಳಬೇಕಾದದ್ದು ಗರ್ಭಿಣಿಯರ ವಿಷಯ. "ರಕ್ತ ಕಡಿಮೆಯಿದೆ, ಕಲೇಜಿ ತಿನ್ನಿಸಿ" ಎಂದು ನಮ್ಮ ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. ಕಲೇಜಿಯಲ್ಲಿ ಕಬ್ಬಿಣವಿದೆ, ಅದು ಸರಿ. ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ಸಿದ್ಧರೂಪದ ವಿಟಮಿನ್ ಎ ವಿಪರೀತವಾದರೆ ಮಗುವಿನ ತಲೆ, ಮುಖ, ಹೃದಯ ರೂಪುಗೊಳ್ಳುವಾಗ ದೋಷ ಉಂಟಾಗುವ ಅಪಾಯವಿದೆ. ಬ್ರಿಟನ್ನಿನ ಆರೋಗ್ಯ ಇಲಾಖೆ ಗರ್ಭಿಣಿಯರು ಯಾವುದೇ ಪ್ರಾಣಿಯ ಯಕೃತ್ತನ್ನು ತಿನ್ನದಿರುವುದೇ ಲೇಸೆನ್ನುತ್ತದೆ. ರಕ್ತ ಹೆಚ್ಚಲು ಸಾಮಾನ್ಯ ಮಾಂಸ, ಕಾಳು, ಸೊಪ್ಪು ಇವೆ, ಸರಕಾರ ಕೊಡುವ ಕಬ್ಬಿಣದ ಮಾತ್ರೆಯಿದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯೂ ವಿಟಮಿನ್ ಎಯ ಸಂಬಂಧಿಯೇ. ಮದುವೆಯಾದ ಹೆಣ್ಣುಮಕ್ಕಳು ಗೆಳತಿಯ ಮಾತು ಕೇಳಿ ಅದನ್ನು ನುಂಗಲೇಬಾರದು.

ವಿಟಮಿನ್ ಇಯ ಹಸಿರು ಕ್ಯಾಪ್ಸೂಲ್ ಈಗ ಪ್ರತಿ ಮನೆಯ ಕನ್ನಡಿಯ ಬಳಿ ಕಾಣುತ್ತದೆ. ಒಡೆದು ಕೂದಲಿಗೆ ಹಚ್ಚುವ ಬಗ್ಗೆ ನಾನು ಹೇಳುತ್ತಿಲ್ಲ, ನುಂಗುವವರಿಗೆ ಹೇಳುತ್ತಿದ್ದೇನೆ. ಸಾಮಾನ್ಯವಾಗಿ ಸಿಗುವುದು 400 ಮಿಲಿಗ್ರಾಮಿನದು. ಅಮೆರಿಕದವರು ಇಟ್ಟ ಮೇಲ್ಮಿತಿ ದಿನಕ್ಕೆ 1,000 ಮಿಲಿಗ್ರಾಂ, ಯುರೋಪಿನವರು ಇಟ್ಟದ್ದು 300. ಅಂದರೆ ಒಂದೇ ಕ್ಯಾಪ್ಸೂಲ್ ಒಂದು ಗೆರೆಯೊಳಗೆ, ಇನ್ನೊಂದು ಗೆರೆಯಾಚೆ. ಮೇಲ್ಮಿತಿ ಎಂಬುದು ಇದ್ದ ಪುರಾವೆ ನೋಡಿ ತಜ್ಞರು ಎಳೆದ ಗೆರೆ ಎಂಬುದು ಇದರಿಂದ ತಿಳಿಯುತ್ತದೆ. ಇ ಹೆಚ್ಚಾದಾಗ ಅದು ಕೆ ವಿಟಮಿನ್‌ನ ಕೆಲಸಕ್ಕೆ ಅಡ್ಡ ಬಂದು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯಕಾರಿ. ಒಸಡಿನಲ್ಲಿ ರಕ್ತ ಬರುವುದು, ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿ ಕಲೆ ಮೂಡುವುದು ಇದರ ಸೂಚನೆ.

ಇನ್ನು ಕೆ. ಇದೂ ಕೊಬ್ಬಿನಲ್ಲೇ ಕರಗುತ್ತದೆ, ಆದರೆ ದೇಹ ಇದನ್ನು ಬೇಗ ಒಡೆದು ಹೊರಹಾಕುತ್ತದೆ, ಹೆಚ್ಚು ಕೂಡಿಡುವುದಿಲ್ಲ. ಆಹಾರದ ಕೆಯಿಂದ ಹಾನಿಯಾದದ್ದು ಕಂಡುಬಂದಿಲ್ಲವಾದ್ದರಿಂದ ಇದಕ್ಕೆ ಮೇಲ್ಮಿತಿಯನ್ನೇ ಇಟ್ಟಿಲ್ಲ. ಮೇಲ್ಮಿತಿ ಇಲ್ಲವೆಂದರೆ ಎಲ್ಲರಿಗೂ ಎಷ್ಟಾದರೂ ಸರಿ ಎಂದರ್ಥವಲ್ಲ. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪನ್ನು ಅತಿಯಾಗಿ ತಿಂದರೆ ಮಾತ್ರೆಯ ಶಕ್ತಿ ಕುಗ್ಗುತ್ತದೆ, ಪೂರ್ತಿ ಬಿಟ್ಟರೆ ಹೆಚ್ಚುತ್ತದೆ. ಅವರು ಸೊಪ್ಪು ಬಿಡಬೇಕಾಗಿಲ್ಲ, ವಾರ ವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರಾಯಿತು.

ಸಹೋದರಿಯರೇ, ಇಂದೇ ಒಮ್ಮೆ ನಿಮ್ಮ ಮನೆಯ ಔಷಧದ ಡಬ್ಬಿ ಬಿಚ್ಚಿ ನೋಡಿ. ಕ್ಯಾಲ್ಸಿಯಂ ಮಾತ್ರೆಯಲ್ಲಿ ಡಿ ಇರುತ್ತದೆ, ಮಲ್ಟಿವಿಟಮಿನ್‌ನಲ್ಲಿ ಎಯೂ ಡಿಯೂ ಇರುತ್ತವೆ, ಮೀನಿನ ಯಕೃತ್ತಿನ ಎಣ್ಣೆಯ ಕ್ಯಾಪ್ಸೂಲಿನಲ್ಲಿ ಮತ್ತೆ ಅವೇ ಇರುತ್ತವೆ. ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಪಟ್ಟಿಯ ಮೇಲೆ ಡಿ ಕೆಲವೊಮ್ಮೆ ಮೈಕ್ರೋಗ್ರಾಮಿನಲ್ಲಿ ಇರುತ್ತದೆ. 1 ಮೈಕ್ರೋಗ್ರಾಂ ಡಿ ಎಂದರೆ 40 ಯೂನಿಟ್. ಎ ವಿಟಮಿನ್‌ಗೆ 1 ಯೂನಿಟ್ ಎಂದರೆ 0.3 ಮೈಕ್ರೋಗ್ರಾಂ. ಮೊತ್ತ ಮೇಲ್ಮಿತಿಯ ಹತ್ತಿರ ಬಂದರೆ ಆ ಹಾಳೆಯನ್ನೇ ವೈದ್ಯರಿಗೆ ತೋರಿಸಿ. ಅವರು ಬರೆದುಕೊಟ್ಟ ಚಿಕಿತ್ಸೆಯನ್ನು ಹೆದರಿ ನೀವೇ ನಿಲ್ಲಿಸಬೇಡಿ. ಇಂಥ ಔಷಧ ತೆಗೆದುಕೊಳ್ಳುವವರಿಗೆ ಹಸಿವಿಲ್ಲದಿರುವುದು, ಮಲಬದ್ಧತೆ, ಅತಿ ಬಾಯಾರಿಕೆ, ಮಂಕು ಒಟ್ಟಿಗೆ ಕಂಡರೆ ತಡಮಾಡದೆ ರಕ್ತದ ಕ್ಯಾಲ್ಸಿಯಂ ಪರೀಕ್ಷಿಸಲು ಕೇಳಿ.

ಖಾಲಾ ಈಗ ಚೆನ್ನಾಗಿದ್ದಾರೆ. ಮೂತ್ರಪಿಂಡವೂ ಸುಧಾರಿಸಿದೆ. ಕಳೆದ ತಿಂಗಳು ಅವರ ಸೊಸೆಗೇ ಡಿ ಕೊರತೆ ಕಂಡು ಅದೇ ಪೊಟ್ಟಣ ಬರೆದರಂತೆ. ಅವಳು ಪ್ರತಿ ಪೊಟ್ಟಣದ ಮೇಲೂ ಪೆನ್ನಿನಿಂದ ಒಂದೊಂದು ಶುಕ್ರವಾರದ ದಿನಾಂಕ ಬರೆದಿಟ್ಟಿದ್ದಾಳೆ. ಜುಮಾ ದಿನ ಮಧ್ಯಾಹ್ನದ ಊಟವಾದ ಮೇಲೆ ಖಾಲಾರೇ ಕರೆದು ನೆನಪಿಸುತ್ತಾರೆ. ಎಂಟನೆಯ ದಿನಾಂಕದ ನಂತರ ಬರೆಯಲು ಪೊಟ್ಟಣವಿಲ್ಲ. ಅಲ್ಲಿ "ಪರೀಕ್ಷೆ" ಎಂದಷ್ಟೇ ಬರೆದ ಚೀಟಿ ಇದೆ.